ಪೋಷಕರಿಗೆ ಪತ್ರ: ಈ ವರ್ಷದಿಂದ ಪರೀಕ್ಷೆಯ ಬಗೆ ಬದಲಾಗುತ್ತಿದೆ

ಚಿತ್ರದುರ್ಗ
ಜೂನ್ ತಿಂಗಳು

4ರಿಂದ 7ನೇ ತರಗತಿಯ ಮಕ್ಕಳ ಪೋಷಕರಿಗೆ,

ನಮಸ್ಕಾರ. ಪ್ರತಿ ತಿಂಗಳ ಕೊನೆಯಲ್ಲಿ ನಡೆಯುತ್ತಿದ್ದ ಯೂನಿಟ್ ಟೆಸ್ಟ್ ಈ ವರ್ಷದಿಂದ ಇರುವುದಿಲ್ಲ. ಅದರ ಬದಲು ವರ್ಷವಿಡೀ, ಪಾಠ ನಡೆಯುವಾಗಲೇ, ಮಗು ಎಷ್ಟು ಕಲಿತಿದೆ ಎಂದು ನೋಡುತ್ತಾ ಹೋಗುತ್ತೇವೆ. ಈ ಸುದ್ದಿ ಆಗಲೇ ಗೇಟಿನ ಬಳಿ ಹರಡಿದೆ. "ಟೆಸ್ಟ್ ಇಲ್ಲ ಅಂದ್ರೆ ಮಕ್ಕಳು ಓದ್ತಾರಾ ಮೇಡಂ?" ಎಂದು ಕೆಲವರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಅದಕ್ಕೇ ಈ ಪತ್ರ.

ಯೂನಿಟ್ ಟೆಸ್ಟಿಗೆ ಮಕ್ಕಳು ಹೇಗೆ ತಯಾರಾಗುತ್ತಾರೆ ಎಂಬುದು ನಿಮಗೇ ಗೊತ್ತು. ನೋಟ್ಸಿನ ಪ್ರಶ್ನೋತ್ತರವನ್ನು ರಾತ್ರಿ ಬಾಯಿಪಾಠ ಮಾಡುತ್ತಾರೆ, ಬೆಳಿಗ್ಗೆ ಬರೆಯುತ್ತಾರೆ, ಮುಂದಿನ ವಾರ ಮರೆಯುತ್ತಾರೆ. ಐದನೇ ತರಗತಿಯಲ್ಲಿ "ಆಯತದ ಸುತ್ತಳತೆಯ ಸೂತ್ರ ಬರೆಯಿರಿ" ಎಂದರೆ ಬಹುತೇಕ ಎಲ್ಲರೂ ತಪ್ಪಿಲ್ಲದೆ ಬರೆದರು. ಅದೇ ಮಕ್ಕಳಿಗೆ, "ನಿಮ್ಮ ಹೊಲ 40 ಮೀಟರ್ ಉದ್ದ, 25 ಮೀಟರ್ ಅಗಲ ಇದೆ. ಸುತ್ತ ಮೂರು ಸಾಲು ತಂತಿ ಬೇಲಿ ಹಾಕಬೇಕು. ಎಷ್ಟು ಮೀಟರ್ ತಂತಿ ತರುತ್ತೀರಿ?" ಎಂದು ಕೇಳಿದೆವು. ಪೂರ್ತಿ ಅಂಕ ತೆಗೆದಿದ್ದ ಮಕ್ಕಳೂ ಪೆನ್ಸಿಲ್ ಹಿಡಿದು ಸುಮ್ಮನೆ ಕೂತರು. ಟೆಸ್ಟಿನಲ್ಲಿ ಯಾವಾಗಲೂ ಹಿಂದೆ ಇರುವ ಒಬ್ಬ ಹುಡುಗ ಮಾತ್ರ, ಒಂದು ಸುತ್ತಿಗೆ 130, ಮೂರು ಸುತ್ತಿಗೆ 390 ಎಂದು ಬಾಯಲ್ಲೇ ಹೇಳಿದ. ಅಪ್ಪನ ಜೊತೆ ಬೇಲಿ ಕಟ್ಟಿದವನು ಅವನು. ಅವನ ಆ ತಿಳುವಳಿಕೆಗೆ ನಮ್ಮ ಅಂಕಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಇಂಥ ಮಕ್ಕಳು ತಮ್ಮನ್ನು ತಾವೇ ದಡ್ಡರು ಅಂದುಕೊಂಡು ಬೆಳೆಯುವುದನ್ನು ನೋಡಲು ನಮಗೆ ಆಗುವುದಿಲ್ಲ.

ಇನ್ನೊಂದು ತೊಂದರೆ, ಟೆಸ್ಟ್ ತಡವಾಗಿ ಹೇಳುತ್ತದೆ. ಭಿನ್ನರಾಶಿ ಅರ್ಥವಾಗಿಲ್ಲ ಎಂದು ತಿಂಗಳ ಕೊನೆಗೆ ಗೊತ್ತಾಗುವ ಹೊತ್ತಿಗೆ ತರಗತಿ ದಶಮಾಂಶಕ್ಕೆ ಹೋಗಿರುತ್ತದೆ. ಶೇಂಗಾ ಬಿತ್ತಿದವರು ಕೀಳುವ ದಿನ ಮಾತ್ರ ಹೊಲಕ್ಕೆ ಹೋಗುವುದಿಲ್ಲ ಅಲ್ವಾ? ರೋಗ ಕಂಡಾಗಲೇ ಔಷಧಿ ಹೊಡೆಯುತ್ತಾರೆ.

ಇದು ನಾವು ಹೊಸದಾಗಿ ಕಂಡುಹಿಡಿದ ವಿಚಾರವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಇದನ್ನೇ ಹೇಳುತ್ತದೆ: ಮಗುವಿನ ತಿಳುವಳಿಕೆಯನ್ನೂ ಅದನ್ನು ಬಳಸುವ ಶಕ್ತಿಯನ್ನೂ ನಿರಂತರವಾಗಿ, ಎಲ್ಲಾ ಕಡೆಯಿಂದ ನೋಡಬೇಕು, ಮಗುವಿಗೆ ಭಯ, ಆತಂಕ ಇರಬಾರದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಬಾಯಿಪಾಠದ ಪರೀಕ್ಷೆಯಿಂದ ಹೊರಬರಬೇಕು ಎನ್ನುತ್ತದೆ. ನಮ್ಮ ರಾಜ್ಯದಲ್ಲಿ ಸಿಸಿಇ, ಅಂದರೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ, ಬಂದು ಬಹಳ ವರ್ಷವಾಯಿತು. ಪ್ರಗತಿ ಪತ್ರದಲ್ಲಿ ನೀವು ನೋಡುವ ಎಫ್‌ಎ, ಎಸ್‌ಎ ಅದರದ್ದೇ: ಎಫ್‌ಎ ಎಂದರೆ ಕಲಿಯುವಾಗಲೇ ನೋಡುವುದು, ಎಸ್‌ಎ ಎಂದರೆ ಕೊನೆಯಲ್ಲಿ ಒಟ್ಟಾರೆ ನೋಡುವುದು. ಆದರೆ ಎಫ್‌ಎ ಎಂಬುದು ಎಷ್ಟೋ ಕಡೆ ಇನ್ನೊಂದು ಬರವಣಿಗೆ ಪರೀಕ್ಷೆಯಾಗಿಯೇ ಉಳಿದಿದೆ. ಅದನ್ನು ಅದರ ನಿಜವಾದ ಅರ್ಥದಲ್ಲಿ ನಡೆಸಬೇಕು ಎಂಬುದು ನಮ್ಮ ಆಸೆ.

ತರಗತಿಯಲ್ಲಿ ಏನೇನು ನಡೆಯುತ್ತದೆ? ಒಂದು ಉದಾಹರಣೆ ಕೊಡುತ್ತೇನೆ. ಆರನೇ ತರಗತಿಯವರು ಕೋಟೆಗೆ ಹೋಗುತ್ತಾರೆ. "ಏಳು ಸುತ್ತಿನ ಕೋಟೆ" ಎಂದು ಬರೆದರೆ ಒಂದು ಅಂಕ ಸಿಗುತ್ತಿತ್ತು. ಈಗ ಕೇಳುವ ಪ್ರಶ್ನೆ ಬೇರೆ: ಮಳೆ ಕಡಿಮೆ ಇರುವ ಈ ಊರಿನಲ್ಲಿ, ಬಂಡೆಯ ಮೇಲೆ ಇದ್ದ ಜನರಿಗೆ ನೀರು ಎಲ್ಲಿಂದ ಬರುತ್ತಿತ್ತು? ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗೆ ಊರಿನ ಸಂತೆ ಹೊಂಡಕ್ಕೆ ಹರಿಯುವ ದಾರಿಯನ್ನು ಮಕ್ಕಳೇ ನೋಡಿ ನಕ್ಷೆ ಬರೆಯಬೇಕು. ಒಬ್ಬರು ಚಿತ್ರ ಬರೆಯಬಹುದು, ಒಬ್ಬರು ನಿಂತು ವಿವರಿಸಬಹುದು, ಇನ್ನೊಬ್ಬರು ಅಜ್ಜಿಯನ್ನು ಕೇಳಿ ಬರೆದುಕೊಂಡು ಬರಬಹುದು. ಯಾರಿಗೆ ಇಳಿಜಾರು ಅರ್ಥವಾಯಿತು, ಯಾರು ಸುಮ್ನೆ ಪಕ್ಕದವರದ್ದು ನೋಡಿ ಬರೆದರು ಎಂಬುದು ಶಿಕ್ಷಕರಿಗೆ ಅಲ್ಲೇ ತಿಳಿಯುತ್ತದೆ.

ದಿನವೂ ಇಷ್ಟು ದೊಡ್ಡದಾಗಿ ಏನೂ ಇರುವುದಿಲ್ಲ. ಪಾಠ ಮುಗಿದ ಮೇಲೆ ಚೀಟಿಯಲ್ಲಿ ಎರಡು ಸಾಲು ಬರೆಸುವುದು, ಓದಿಸಿ ಕೇಳುವುದು, ಲೆಕ್ಕವನ್ನು ಬೋರ್ಡಿನ ಮೇಲೆ ವಿವರಿಸಲು ಹೇಳುವುದು, ಇಷ್ಟೇ. ಒಂದು ತರಗತಿಯಲ್ಲಿ ಸುಮಾರು 35 ಮಕ್ಕಳಿದ್ದಾರೆ. ಶಿಕ್ಷಕರು ದಿನಕ್ಕೆ ಆರು ಮಕ್ಕಳನ್ನು ಗಮನವಿಟ್ಟು ನೋಡಿ ದಾಖಲೆ ಪುಸ್ತಕದಲ್ಲಿ ಬರೆಯುತ್ತಾರೆ. ಹಾಗಾಗಿ ವಾರದಲ್ಲಿ ಒಮ್ಮೆಯಾದರೂ ಪ್ರತಿ ಮಗುವಿನ ಸರದಿ ಬರುತ್ತದೆ. ಪ್ರತಿ ಮಗುವಿಗೂ ಒಂದು ಫೈಲ್ ಇರುತ್ತದೆ. ಅದರಲ್ಲಿ ಅದರ ಬರಹ, ಚಿತ್ರ, ಲೆಕ್ಕ, ತಪ್ಪಾಗಿದ್ದೂ ಸೇರಿ, ದಿನಾಂಕದ ಸಮೇತ ಇರುತ್ತವೆ. "ಟೀಚರಿಗೆ ಬೇಕಾದವರಿಗೆ ಜಾಸ್ತಿ ಹಾಕ್ತಾರೆ" ಎಂಬ ಅನುಮಾನ ಬಂದರೆ ಫೈಲ್ ಕೇಳಿ ನೋಡಿ. ಅದು ನಿಮ್ಮ ಹಕ್ಕು.

ಬಾಯಿಪಾಠ ಪೂರ್ತಿ ಹೋಗುತ್ತದೆ ಅಂದುಕೊಳ್ಳಬೇಡಿ. ಮಗ್ಗಿ ಬಾಯಿಗೆ ಬರಲೇಬೇಕು. ಕಾಗುಣಿತ, ವಚನ, ಪದ್ಯ ಎಲ್ಲವೂ ಬೇಕು. ಬರೆಯುವ ಪರೀಕ್ಷೆಯೂ ವರ್ಷಕ್ಕೆ ಎರಡು ಬಾರಿ ಇರುತ್ತದೆ, ದಸರಾ ರಜೆಗೆ ಮುಂಚೆ ಒಂದು, ಮಾರ್ಚ್‌ನಲ್ಲಿ ಒಂದು. ಪ್ರಶ್ನೆಗಳು ಮಾತ್ರ ನೋಟ್ಸಿನಿಂದ ಎತ್ತಿದವು ಆಗಿರುವುದಿಲ್ಲ. ರ‍್ಯಾಂಕ್ ಪಟ್ಟಿ ಹಾಕುವುದಿಲ್ಲ. ಪ್ರಗತಿ ಪತ್ರದಲ್ಲಿ ಗ್ರೇಡಿನ ಜೊತೆ, "ಓದಿದ್ದನ್ನು ಚೆನ್ನಾಗಿ ಹೇಳುತ್ತಾಳೆ, ಬರೆಯುವಾಗ ಒತ್ತಕ್ಷರ ಬಿಡುತ್ತಾಳೆ" ಎಂಬಂಥ ಮಾತು ಇರುತ್ತದೆ. 62 ಎಂಬ ಒಂದು ಅಂಕಿಗಿಂತ ಇದು ನಿಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಮುಂದೆ ನವೋದಯ, ಮೊರಾರ್ಜಿ, ಎಸ್‌ಎಸ್‌ಎಲ್‌ಸಿ ಹೇಗೆ ಬರೆಯುತ್ತಾರೆ ಎಂಬ ಚಿಂತೆ ಬಹಳ ಜನರಿಗಿದೆ. ಆರನೇ ತರಗತಿಯ ನವೋದಯ ಪ್ರವೇಶ ಪರೀಕ್ಷೆಯಲ್ಲಿ 100 ಅಂಕಕ್ಕೆ 50 ಮಾನಸಿಕ ಸಾಮರ್ಥ್ಯಕ್ಕೆ, 25 ಅಂಕಗಣಿತಕ್ಕೆ, 25 ಭಾಷೆಗೆ. ಭಾಷೆಯ ಭಾಗದಲ್ಲಿ ಹೊಸ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಇದಕ್ಕೆ ನೋಟ್ಸ್ ಬಾಯಿಪಾಠ ಮಾಡಿ ಏನು ಪ್ರಯೋಜನ? ಎಸ್‌ಎಸ್‌ಎಲ್‌ಸಿಯಲ್ಲಿಯೂ 100 ಅಂಕದ ವಿಷಯದಲ್ಲಿ 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನಕ್ಕೇ ಇದೆ. ಉಳಿದ 80ಕ್ಕೆ ಬರೆಯುವುದು ಇದ್ದೇ ಇದೆ. ಅರ್ಥ ಮಾಡಿಕೊಂಡು ಬೆಳೆದ ಮಗು ಅದನ್ನು ಬರೆಯಲು ಹೆದರಬೇಕಾಗಿಲ್ಲ.

ಮನೆಯಲ್ಲಿ ನಿಮ್ಮಿಂದ ಬೇಕಾಗಿರುವುದು ಹೆಚ್ಚೇನಲ್ಲ. ಪ್ರಾಜೆಕ್ಟ್ ನೀವು ಮಾಡಿಕೊಡಬೇಡಿ, ಅಂಗಡಿಯಿಂದ ಥರ್ಮಾಕೋಲ್ ಮಾಡೆಲ್ ತರಬೇಡಿ. ವಕ್ರವಾಗಿದ್ದರೂ ಮಗುವೇ ಮಾಡಿದ್ದು ಇರಲಿ. ಇದಕ್ಕಾಗಿ ಶಾಲೆ ಬೇರೆ ಹಣ ಕೇಳುವುದಿಲ್ಲ. "ಎಷ್ಟು ಅಂಕ ಬಂತು?" ಎನ್ನುವ ಬದಲು "ಇವತ್ತು ಏನು ಕಲಿತೆ, ನನಗೂ ಹೇಳು" ಎನ್ನಿ. ಓದು ಬರಹ ಬಾರದ ತಾಯಿಯೂ ಇದನ್ನು ಕೇಳಬಹುದು. ಮಗು ನಿಮಗೆ ಬಿಡಿಸಿ ಹೇಳಿದರೆ ಅದಕ್ಕೆ ಅರ್ಥವಾಗಿದೆ ಎಂದೇ ಲೆಕ್ಕ. ಟ್ಯೂಷನ್‌ಗೆ ಕಳಿಸುವವರು ಅಲ್ಲಿಯವರಿಗೂ ಈ ಪತ್ರ ತೋರಿಸಿ.

ಈ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ 12 ಗಂಟೆಗೆ ಶಾಲೆಯ ಅಂಗಳದಲ್ಲಿ ಪೋಷಕರ ಸಭೆ ಇದೆ. ಅಂದು ಮಾದರಿ ಫೈಲ್ ಮತ್ತು ಹೊಸ ಪ್ರಗತಿ ಪತ್ರ ತೋರಿಸುತ್ತೇವೆ. ಕೂಲಿಗೆ ಹೋಗುವವರು, ಬರಲಾಗದವರು ಮರುದಿನ ಭಾನುವಾರ ಬೆಳಿಗ್ಗೆ 9ರಿಂದ 11ರೊಳಗೆ ಬರಬಹುದು. ನಾನು ಶಾಲೆಯಲ್ಲೇ ಇರುತ್ತೇನೆ. ಒಪ್ಪಿಗೆ ಇಲ್ಲದವರು ತಪ್ಪದೆ ಬನ್ನಿ, ನಿಮ್ಮ ಮಾತು ಕೇಳಿಯೇ ಮುಂದಿನ ವಿವರ ತೀರ್ಮಾನಿಸುತ್ತೇವೆ. ಬರುವಾಗ ಮಗುವಿನ ಕಳೆದ ವರ್ಷದ ಗಣಿತದ ನೋಟ್ ಪುಸ್ತಕ ತನ್ನಿ.

ಇಂತಿ,
ಮುಖ್ಯೋಪಾಧ್ಯಾಯಿನಿ ಹಾಗೂ ಶಿಕ್ಷಕ ಬಳಗ