ಅನಾರೋಗ್ಯದ ಕಾರಣ ಜಿಮ್ ಸದಸ್ಯತ್ವ ರದ್ದುಪಡಿಸಿ, ಉಳಿದ ಹಣ ವಾಪಸ್ ಕೊಡಲು ಮನವಿ

ಮೈಸೂರು
3 ನವೆಂಬರ್ 2025

ಗೆ,
ಮ್ಯಾನೇಜರ್ ಅವರಿಗೆ,
ಜಿಮ್ ಕಚೇರಿ, ಕುವೆಂಪುನಗರ ಶಾಖೆ, ಮೈಸೂರು

ಸದಸ್ಯತ್ವ ಸಂಖ್ಯೆ: 2147
ಅವಧಿ: 1 ಜೂನ್ 2025ರಿಂದ 31 ಮೇ 2026

ಮಾನ್ಯರೇ,

ನನ್ನ ವಾರ್ಷಿಕ ಸದಸ್ಯತ್ವವನ್ನು 1 ನವೆಂಬರ್‌ನಿಂದ ರದ್ದು ಮಾಡಿ, ಬಳಸದೆ ಉಳಿದ ಅವಧಿಯ ಹಣ ವಾಪಸ್ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಸೊಂಟ ನೋವು ಎಡಗಾಲಿಗೆ ಇಳಿದು, ಅಕ್ಟೋಬರ್ 17ರ ನಂತರ ನಾನು ಜಿಮ್‌ಗೆ ಬಂದಿಲ್ಲ. ಎಂಆರ್‌ಐ ಮಾಡಿಸಿದಾಗ ಬೆನ್ನುಮೂಳೆಯ ಕೆಳಭಾಗದ ಡಿಸ್ಕ್ ಜರುಗಿ ನರವನ್ನು ಒತ್ತುತ್ತಿರುವುದು ಗೊತ್ತಾಯಿತು. ಕನಿಷ್ಠ ಆರು ತಿಂಗಳು ಭಾರ ಎತ್ತುವುದು, ಬಗ್ಗಿ ಮಾಡುವ ವ್ಯಾಯಾಮ, ಓಟ, ಜಿಗಿತ ಯಾವುದೂ ಬೇಡ ಎಂದು ಮೂಳೆ ತಜ್ಞರು ಹೇಳಿದ್ದಾರೆ. ಈಗ ಫಿಸಿಯೋಥೆರಪಿ ನಡೆಯುತ್ತಿದೆ. ಇದಕ್ಕೆ ನಿಮ್ಮ ಟ್ರೈನರ್ ಕಾರಣ ಎಂದು ನಾನು ಹೇಳುತ್ತಿಲ್ಲ. ನೋವು ಇದೆ ಎಂದ ದಿನವೇ ಅವರು ಡೆಡ್‌ಲಿಫ್ಟ್ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ ಎಂದರು. ಅವರಿಗೆ ನಾನು ಋಣಿ.

ಫೋನ್ ಮಾಡಿದಾಗ ನಿಮ್ಮ ರಿಸೆಪ್ಷನ್‌ನವರು ಎರಡು ತಿಂಗಳು ಫ್ರೀಜ್ ಮಾಡಿಕೊಡುತ್ತೇವೆ ಎಂದರು. ಎರಡು ತಿಂಗಳಿಗೆ ಇದು ವಾಸಿಯಾಗುವುದಿಲ್ಲವಲ್ಲ. ಬೇರೆಯವರ ಹೆಸರಿಗೆ ವರ್ಗಾಯಿಸಿ ಎಂದೂ ಹೇಳಿದರು. ಈ ಸ್ಥಿತಿಯಲ್ಲಿ ನಾನು ಯಾರನ್ನು ಹುಡುಕಿಕೊಂಡು ಹೋಗಲಿ? ಆದ್ದರಿಂದ ಹಣವನ್ನೇ ಕೇಳುತ್ತಿದ್ದೇನೆ.

ಲೆಕ್ಕ ಹೀಗಿದೆ. ವರ್ಷದ ಶುಲ್ಕ ತೆರಿಗೆ ಸೇರಿ ₹14,600, ಅಂದರೆ ದಿನಕ್ಕೆ ₹40. ಅಕ್ಟೋಬರ್ 31ರವರೆಗಿನ 153 ದಿನ ಕಳೆದರೆ 212 ದಿನ ಉಳಿಯುತ್ತದೆ. ಅದಕ್ಕೆ ₹8,480. ಪರ್ಸನಲ್ ಟ್ರೈನಿಂಗ್‌ಗೆ ಬೇರೆಯಾಗಿ 24 ಸೆಷನ್‌ಗೆ ₹9,600 ಕಟ್ಟಿದ್ದೆ. 9 ಆಗಿದೆ, 15 ಬಾಕಿ. ಅದಕ್ಕೆ ₹6,000. ಒಟ್ಟು ₹14,480. ನಾನು ಬರದಿದ್ದ ಅಕ್ಟೋಬರ್‌ನ ಕೊನೆಯ ಎರಡು ವಾರವನ್ನೂ ನಿಮ್ಮ ಪಾಲಿಗೇ ಬಿಟ್ಟಿದ್ದೇನೆ.

ರಸೀದಿಯ ಹಿಂಬದಿಯಲ್ಲಿ ‘ಕಟ್ಟಿದ ಹಣ ವಾಪಸ್ ಇಲ್ಲ’ ಎಂದು ಅಚ್ಚಾಗಿದೆ, ನೋಡಿದ್ದೇನೆ. ಮನಸ್ಸು ಬದಲಾಯಿಸಿ ಬಿಡುವವರಿಗೆ ಅದು ಸರಿ ಇರಬಹುದು. ಡಾಕ್ಟರೇ ಬೇಡ ಎಂದಾಗಲೂ ಪೂರ್ತಿ ಹಣ ಇಟ್ಟುಕೊಳ್ಳುವುದು ನ್ಯಾಯವಲ್ಲ. ಗ್ರಾಹಕರ ಮೇಲೆ ಸಮಂಜಸವಲ್ಲದ ಷರತ್ತು ಹೇರುವ ಒಪ್ಪಂದವನ್ನು ಪ್ರಶ್ನಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ನಮ್ಮ ನಡುವೆ ಅಲ್ಲಿಯವರೆಗೆ ಹೋಗುವುದು ನನಗೆ ಇಷ್ಟವಿಲ್ಲ. ಆದರೆ ಉತ್ತರವೇ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬೇಕಾಗುತ್ತದೆ.

ದಯವಿಟ್ಟು ನವೆಂಬರ್ 18ರೊಳಗೆ, ನಾನು ಶುಲ್ಕ ಕಟ್ಟಿದ ಬ್ಯಾಂಕ್ ಖಾತೆಗೇ ಹಣ ಹಾಕಿ. ಏನಾದರೂ ಕಡಿತ ಮಾಡುವುದಾದರೆ ಯಾವ ನಿಯಮದಂತೆ, ಎಷ್ಟು ಎಂದು ಬರಹದಲ್ಲಿ ತಿಳಿಸಿ. ಸದಸ್ಯತ್ವ ತಾನಾಗಿ ನವೀಕರಣ ಆಗದಂತೆಯೂ ನೋಡಿಕೊಳ್ಳಿ.

ವೈದ್ಯರ ಪ್ರಮಾಣಪತ್ರ ಮತ್ತು ಎರಡೂ ರಸೀದಿಗಳ ಪ್ರತಿ ಲಗತ್ತಿಸಿದ್ದೇನೆ. ಎಂಆರ್‌ಐ ವರದಿ ಬೇಕೆಂದರೆ ನಿಮ್ಮ ಕಚೇರಿಗೇ ತಂದು ತೋರಿಸುತ್ತೇನೆ. ನನ್ನ ಆರೋಗ್ಯದ ವಿಷಯ ಜಿಮ್‌ನ ವಾಟ್ಸಾಪ್ ಗುಂಪಿಗೆ ಹೋಗದಿರಲಿ. ಈ ಪತ್ರದ ನಕಲಿನ ಮೇಲೆ ತಲುಪಿದ ದಿನಾಂಕ, ಸಹಿ, ಮೊಹರು ಹಾಕಿ ಪತ್ರ ತಂದವರ ಕೈಯಲ್ಲಿ ಕೊಟ್ಟು ಕಳಿಸಿ.

ವಂದನೆಗಳೊಂದಿಗೆ,
ಸುಮಾ