ಶಾಲಾ ಕಂಪ್ಯೂಟರ್ ಪ್ರಯೋಗಾಲಯ ನಿರ್ಮಾಣ: ಹೊರಗುತ್ತಿಗೆದಾರರ ಕಾರ್ಯವ್ಯಾಪ್ತಿ ಮತ್ತು ಷರತ್ತುಗಳು

1. ಹಿನ್ನೆಲೆ

ನಮ್ಮ ಪ್ರೌಢಶಾಲೆಯ ನೆಲ ಅಂತಸ್ತಿನಲ್ಲಿರುವ ಹಳೆಯ ಚಿತ್ರಕಲಾ ಕೊಠಡಿಯನ್ನು 30 ವಿದ್ಯಾರ್ಥಿಗಳು ಏಕಕಾಲಕ್ಕೆ ಕುಳಿತು ಕಲಿಯಬಹುದಾದ ಕಂಪ್ಯೂಟರ್ ಪ್ರಯೋಗಾಲಯವನ್ನಾಗಿ ರೂಪಿಸಲು ಆಡಳಿತ ಮಂಡಳಿಯು ನಿರ್ಧರಿಸಿದೆ. ವಿನ್ಯಾಸ, ಸಾಮಗ್ರಿ ಪೂರೈಕೆ, ಅಳವಡಿಕೆ, ಪರೀಕ್ಷೆ, ತರಬೇತಿ ಮತ್ತು ಮೊದಲ ವರ್ಷದ ನಿರ್ವಹಣೆ ಇಷ್ಟನ್ನೂ ಒಬ್ಬರೇ ಗುತ್ತಿಗೆದಾರರಿಗೆ ವಹಿಸಲಾಗುವುದು. ವಿದ್ಯುತ್ ಕೆಲಸ ಒಬ್ಬರದು, ಜಾಲದ ಕೆಲಸ ಇನ್ನೊಬ್ಬರದು ಎಂದಾದರೆ ದೋಷ ಕಂಡುಬಂದಾಗ ಹೊಣೆ ಯಾರದೆಂಬುದೇ ಇತ್ಯರ್ಥವಾಗುವುದಿಲ್ಲ ಮತ್ತು ಅಷ್ಟು ದಿನ ಪಾಠ ನಿಲ್ಲುತ್ತದೆ ಎಂಬುದೇ ಈ ನಿರ್ಧಾರಕ್ಕೆ ಕಾರಣ. ಉಪಗುತ್ತಿಗೆಗೆ ಅವಕಾಶವಿದೆ, ಆದರೆ ಉಪಗುತ್ತಿಗೆದಾರರ ಹೆಸರನ್ನು ಪ್ರಸ್ತಾವನೆಯಲ್ಲಿಯೇ ತಿಳಿಸಿರಬೇಕು ಮತ್ತು ಅವರ ಕೆಲಸಕ್ಕೆ ಮುಖ್ಯ ಗುತ್ತಿಗೆದಾರರೇ ಸಂಪೂರ್ಣ ಹೊಣೆಗಾರರು.

ಉದ್ಘಾಟನೆಯ ದಿನ ಹೊಳೆಯುವ ಕೊಠಡಿಯಷ್ಟೇ ಶಾಲೆಗೆ ಸಾಲದು. ಗುತ್ತಿಗೆದಾರರು ತಮ್ಮ ಕೆಲಸ ಮುಗಿಸಿ ಹೋದ ಮೇಲೂ ನಮ್ಮ ಶಿಕ್ಷಕರು ಯಾರನ್ನೂ ಕಾಯದೆ ನಡೆಸಿಕೊಂಡು ಹೋಗಬಲ್ಲ ಪ್ರಯೋಗಾಲಯ ನಮಗೆ ಬೇಕಾಗಿದೆ. ಈ ದಾಖಲೆಯ ಯಾವುದೇ ಷರತ್ತಿನ ಅರ್ಥದ ಬಗ್ಗೆ ಸಂದೇಹ ಬಂದಲ್ಲಿ ಈ ಉದ್ದೇಶಕ್ಕೆ ಹೊಂದುವ ಅರ್ಥವನ್ನೇ ಗ್ರಹಿಸತಕ್ಕದ್ದು.

2. ಕೊಠಡಿಯ ಈಗಿನ ಸ್ಥಿತಿ

ಕೊಠಡಿಯು 11 ಮೀಟರ್ ಉದ್ದ, 7.5 ಮೀಟರ್ ಅಗಲವಿದೆ. ಈಗಿರುವ ಒಂದೇ ಬಾಗಿಲು ಪೂರ್ವದ ಉದ್ದ ಗೋಡೆಯ ಮುಂಭಾಗದಲ್ಲಿದೆ. ಹಿಂದಿನ ಗೋಡೆಯಲ್ಲಿ ತುರ್ತು ನಿರ್ಗಮನಕ್ಕೆ ಹೊರಮುಖವಾಗಿ ತೆರೆಯುವ ಎರಡನೆಯ ಬಾಗಿಲನ್ನು ಗುತ್ತಿಗೆದಾರರು ನಿರ್ಮಿಸಬೇಕು. ಪಶ್ಚಿಮದ ಗೋಡೆಯಲ್ಲಿ ನಾಲ್ಕು ಕಿಟಕಿಗಳಿವೆ. ಮಧ್ಯಾಹ್ನದ ನಂತರದ ಬಿಸಿಲು ಈ ಕಿಟಕಿಗಳಿಂದ ನೇರವಾಗಿ ಎದುರು ಗೋಡೆಗೆ ಬೀಳುವುದರಿಂದ, ಅಲ್ಲಿ ಇಡಲಾಗುವ ಪರದೆಗಳ ಮೇಲೆ ಅಕ್ಷರಗಳೇ ಕಾಣದಂತಾಗುತ್ತದೆ. ಆದುದರಿಂದ ಬೆಳಕನ್ನು ತಡೆಯುವ, ಒರೆಸಿ ಶುಚಿಗೊಳಿಸಬಹುದಾದ ಬ್ಲೈಂಡ್‌ಗಳನ್ನು ಎಲ್ಲ ಕಿಟಕಿಗಳಿಗೂ ಹಾಕಬೇಕು. ಕೊಠಡಿಗೆ ಹೊಂದಿಕೊಂಡಂತೆ ಗಾಳಿಯಾಡುವ ಒಂದು ಸಣ್ಣ ಉಗ್ರಾಣವಿದ್ದು, ಯುಪಿಎಸ್ ಮತ್ತು ಅದರ ಬ್ಯಾಟರಿಗಳನ್ನು ಅಲ್ಲಿಯೇ ಇಡತಕ್ಕದ್ದು. ಮಕ್ಕಳು ಕೂರುವ ಕೊಠಡಿಯಲ್ಲಿ ಬ್ಯಾಟರಿಗಳನ್ನು ಇಡುವಂತಿಲ್ಲ.

3. ಆಸನ ವ್ಯವಸ್ಥೆ

ಎರಡೂ ಉದ್ದ ಗೋಡೆಗಳಿಗೆ ಹೊಂದಿಕೊಂಡು ತಲಾ 10 ಮತ್ತು ಕೊಠಡಿಯ ನಡುವೆ ಬೆನ್ನಿಗೆ ಬೆನ್ನು ಕೂಡಿಸಿದ ಮೇಜುಗಳಲ್ಲಿ 10, ಹೀಗೆ 30 ಆಸನಗಳಿರಬೇಕು. ಪ್ರತಿ ವಿದ್ಯಾರ್ಥಿಗೂ 90 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಆಳದ ಮೇಜಿನ ಜಾಗ ದೊರೆಯಬೇಕು. ಎದುರುಬದುರು ಸಾಲುಗಳ ಕುರ್ಚಿಗಳಲ್ಲಿ ಮಕ್ಕಳು ಕುಳಿತಿರುವಾಗಲೂ ನಡುವೆ ಕನಿಷ್ಠ 90 ಸೆಂಟಿಮೀಟರ್ ದಾರಿ ಉಳಿಯಬೇಕು. ಶಿಕ್ಷಕರು ನಡೆಯುವ ದಾರಿಯಿಂದಲೇ ಎಲ್ಲ ಪರದೆಗಳೂ ಕಾಣಸಿಗುತ್ತವೆಂಬ ಕಾರಣಕ್ಕೆ ಈ ವಿನ್ಯಾಸವನ್ನು ಆರಿಸಲಾಗಿದೆ. ಇದಕ್ಕಿಂತ ಉತ್ತಮವಾದುದನ್ನು ಗುತ್ತಿಗೆದಾರರು ಸೂಚಿಸಬಹುದು. ಆದರೆ ಈ ಅನುಕೂಲವನ್ನು ಬಿಟ್ಟುಕೊಡುವಂತಿಲ್ಲ.

ಗಾಲಿಕುರ್ಚಿ ಬಳಸುವ ವಿದ್ಯಾರ್ಥಿಗಳಿಗಾಗಿ ಎತ್ತರ ಹೊಂದಿಸಬಹುದಾದ ಎರಡು ಮೇಜುಗಳು ಬಾಗಿಲಿಗೆ ಹತ್ತಿರವಿರಬೇಕು ಮತ್ತು ಎರಡೂ ಬಾಗಿಲುಗಳಲ್ಲಿ ಹೊಸ್ತಿಲು ಇರಕೂಡದು. ನಡುವಿನ ಮೇಜುಗಳಿಗೆ ತಂತಿಗಳು ನೆಲದೊಳಗಿನ ಕಾಲುವೆಯ ಮೂಲಕ ಅಥವಾ ಮೇಲ್ಛಾವಣಿಯಿಂದ ಇಳಿಬಿಟ್ಟ ಕಂಬದ ಮೂಲಕ ಬರಬೇಕು. ನೆಲದ ಮೇಲೆ ಉಬ್ಬಿ ನಿಲ್ಲುವ, ಕಾಲಿಗೆ ತಾಗುವ ಯಾವ ಪಟ್ಟಿಯನ್ನೂ ಒಪ್ಪಲಾಗುವುದಿಲ್ಲ.

4. ವಿದ್ಯುತ್ ವ್ಯವಸ್ಥೆ

ಪ್ರಯೋಗಾಲಯಕ್ಕೆ ಮುಖ್ಯ ಫಲಕದಿಂದ ಪ್ರತ್ಯೇಕ ಮಾರ್ಗವನ್ನು ಎಳೆದು, ಅದಕ್ಕೆ ತನ್ನದೇ ಆದ ವಿತರಣಾ ಫಲಕವನ್ನು ಅಳವಡಿಸಬೇಕು. ವಿದ್ಯಾರ್ಥಿಗಳ 30 ಕಂಪ್ಯೂಟರ್‌ಗಳನ್ನು ತಲಾ ಐದರಂತೆ ಆರು ಸರ್ಕ್ಯೂಟ್‌ಗಳಾಗಿ ವಿಂಗಡಿಸಬೇಕು. ಶಿಕ್ಷಕರ ಮೇಜು, ಜಾಲದ ರ‍್ಯಾಕ್, ಹವಾನಿಯಂತ್ರಕ ಮತ್ತು ದೀಪಗಳಿಗೆ ಬೇರೆ ಬೇರೆ ಸರ್ಕ್ಯೂಟ್‌ಗಳಿರಬೇಕು. ಮಕ್ಕಳು ಮುಟ್ಟುವ ಪ್ರತಿಯೊಂದು ಸರ್ಕ್ಯೂಟ್‌ಗೂ 30 ಮಿಲಿಆಂಪಿಯರ್ ಸೋರಿಕೆಗೆ ಕಡಿತಗೊಳ್ಳುವ ರಕ್ಷಣಾ ಸಾಧನ ಕಡ್ಡಾಯ. ಹಣ ಉಳಿಸಲು ಇಡೀ ಕೊಠಡಿಗೆ ಇಂಥ ಒಂದೇ ಸಾಧನವನ್ನು ಹಾಕುವುದನ್ನು ನಾವು ಒಪ್ಪುವುದಿಲ್ಲ. ಸುಸ್ಥಿತಿಯಲ್ಲಿರುವ ಕಂಪ್ಯೂಟರ್‌ನ ಪವರ್ ಸಪ್ಲೈ ಕೂಡ ಅರ್ತಿಂಗ್ ತಂತಿಗೆ ಅಲ್ಪ ಪ್ರಮಾಣದ ಪ್ರವಾಹವನ್ನು ಹರಿಸುತ್ತಲೇ ಇರುತ್ತದೆ; 30 ಯಂತ್ರಗಳ ಈ ಅಲ್ಪ ಪ್ರವಾಹ ಒಂದೆಡೆ ಕೂಡಿದರೆ ಯಾವ ದೋಷವೂ ಇಲ್ಲದೆ ಪಾಠದ ನಡುವೆ ವಿದ್ಯುತ್ ಕಡಿತಗೊಳ್ಳುತ್ತದೆ. ಪದೇ ಪದೇ ಹೀಗಾದಾಗ ಬೇಸತ್ತ ಯಾರಾದರೂ ಆ ಸಾಧನವನ್ನೇ ತೆಗೆದುಹಾಕಿಬಿಡುವ ಅಪಾಯ ನಮ್ಮ ನಿಜವಾದ ಆತಂಕ.

ಯುಪಿಎಸ್ ಆನ್‌ಲೈನ್ ಮಾದರಿಯದಾಗಿದ್ದು, ಕನಿಷ್ಠ 6 ಕೆವಿಎ ಸಾಮರ್ಥ್ಯವನ್ನೂ ಎಲ್ಲ ಕಂಪ್ಯೂಟರ್‌ಗಳು ನಡೆಯುತ್ತಿರುವಾಗ 10 ನಿಮಿಷಗಳ ಬೆಂಬಲವನ್ನೂ ಹೊಂದಿರಬೇಕು. ಕೆಲಸ ಉಳಿಸಿ ಯಂತ್ರಗಳನ್ನು ಕ್ರಮವಾಗಿ ಮುಚ್ಚಲು ಇಷ್ಟು ಸಮಯ ಸಾಕು. ಲೇಸರ್ ಪ್ರಿಂಟರ್ ಬಿಸಿಯೇರುವಾಗ ಒಮ್ಮೆಲೇ ಹೆಚ್ಚು ಪ್ರವಾಹವನ್ನು ಸೆಳೆಯುವುದರಿಂದ ಅದನ್ನೂ ಹವಾನಿಯಂತ್ರಕಗಳನ್ನೂ ಯುಪಿಎಸ್‌ಗೆ ಜೋಡಿಸುವಂತಿಲ್ಲ. ಅರ್ತಿಂಗ್ ರೋಧದ ಅಳತೆಯನ್ನು ಶಾಲೆಯ ಪ್ರತಿನಿಧಿಯ ಎದುರಿನಲ್ಲಿಯೇ ತೆಗೆದು ಲಿಖಿತವಾಗಿ ನೀಡಬೇಕು. ಎರಡೂ ಬಾಗಿಲುಗಳ ಬಳಿ ವಿದ್ಯುತ್ ಉಪಕರಣಗಳ ಬೆಂಕಿಗೆ ಬಳಸುವ ಇಂಗಾಲದ ಡೈಆಕ್ಸೈಡ್ ನಂದಕಗಳನ್ನು ತೂಗುಹಾಕಬೇಕು.

5. ಜಾಲ

ಒಟ್ಟು 40 ಜಾಲಬಿಂದುಗಳಿರಬೇಕು: ಕಂಪ್ಯೂಟರ್‌ಗಳಿಗೆ 31, ಪ್ರಿಂಟರ್, ಪ್ರೊಜೆಕ್ಟರ್ ಮತ್ತು ಎರಡು ವೈಫೈ ಸಾಧನಗಳಿಗೆ 4, ಮುಂದಿನ ಅಗತ್ಯಕ್ಕೆ 5. ಕೇಬಲ್ ಕ್ಯಾಟ್ 6 ದರ್ಜೆಯ ಶುದ್ಧ ತಾಮ್ರದ್ದಾಗಿರಬೇಕು. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪನವಿರುವ ಕೇಬಲ್ ಕಂಡುಬಂದರೆ ಪೂರ್ತಿ ಕೇಬಲನ್ನು ಗುತ್ತಿಗೆದಾರರ ಖರ್ಚಿನಲ್ಲಿಯೇ ಬದಲಿಸಬೇಕಾಗುತ್ತದೆ. ರ‍್ಯಾಕ್‌ನ ಪ್ಯಾಚ್ ಪ್ಯಾನಲ್‌ನಿಂದ ಗೋಡೆಯ ಬಿಂದುವಿನವರೆಗಿನ ಸ್ಥಿರ ಕೇಬಲ್ 90 ಮೀಟರ್ ಮೀರಬಾರದು. ದತ್ತಾಂಶದ ಕೇಬಲ್‌ಗಳೂ ವಿದ್ಯುತ್ ತಂತಿಗಳೂ ಬೇರೆ ಬೇರೆ ಕೊಳವೆಗಳಲ್ಲಿ ಸಾಗಬೇಕು. ಅಡ್ಡ ಹಾಯಲೇಬೇಕಾದಲ್ಲಿ ಲಂಬಕೋನದಲ್ಲಿ ಹಾಯಬೇಕು. ಪ್ರತಿ ಕೇಬಲ್‌ನ ಎರಡೂ ತುದಿಗೆ ಅಳಿಸಿಹೋಗದ ಒಂದೇ ಸಂಖ್ಯೆಯಿರಬೇಕು.

ಬೀಗ ಹಾಕಬಹುದಾದ ರ‍್ಯಾಕ್‌ನಲ್ಲಿ 48 ಪೋರ್ಟ್‌ಗಳ ಗಿಗಾಬಿಟ್ ಸ್ವಿಚ್, ರೂಟರ್ ಮತ್ತು ಕಡತಗಳ ಸರ್ವರ್ ಇರಬೇಕು. ವಿದ್ಯಾರ್ಥಿಗಳ ಜಾಲವನ್ನು ಶಾಲಾ ಕಚೇರಿಯ ಜಾಲದಿಂದ ಪ್ರತ್ಯೇಕಿಸಬೇಕು. ಅಂಕಪಟ್ಟಿಗಳಿರುವ ಯಂತ್ರ ಪ್ರಯೋಗಾಲಯದಿಂದ ಕಾಣಿಸಲೂ ಕೂಡದು. ಅನುಚಿತ ಜಾಲತಾಣಗಳ ತಡೆಪಟ್ಟಿಗೆ ತಾಣಗಳನ್ನು ಸೇರಿಸುವ, ತೆಗೆಯುವ ಅಧಿಕಾರ ಶಿಕ್ಷಕರ ಕೈಯಲ್ಲಿರಬೇಕು.

6. ಯಂತ್ರಗಳು ಮತ್ತು ತಂತ್ರಾಂಶ

ವಿದ್ಯಾರ್ಥಿಗಳ 30 ಹಾಗೂ ಶಿಕ್ಷಕರ 1 ಕಂಪ್ಯೂಟರ್ ಹೊಚ್ಚ ಹೊಸವಾಗಿದ್ದು, ಒಂದೇ ಮಾದರಿಯವಾಗಿರಬೇಕು. ಒಂದರ ಬಿಡಿಭಾಗ ಇನ್ನೊಂದಕ್ಕೆ ಒದಗುವುದು ಮುಂದಿನ ವರ್ಷಗಳಲ್ಲಿ ಶಾಲೆಗೆ ದೊಡ್ಡ ಆಸರೆಯಾಗುತ್ತದೆ. ಕನಿಷ್ಠ 16 ಜಿಬಿ ಮೆಮೊರಿ, 512 ಜಿಬಿ ಎಸ್‌ಎಸ್‌ಡಿ, 21.5 ಇಂಚಿನ ಪರದೆ, ತಂತಿಯಿರುವ ಕೀಲಿಮಣೆ ಮತ್ತು ಮೌಸ್, ತಯಾರಕರ 3 ವರ್ಷಗಳ ಖಾತರಿ ಅಗತ್ಯ. ಉಬುಂಟುವಿನ ದೀರ್ಘಾವಧಿ ಬೆಂಬಲದ ಆವೃತ್ತಿ, ಲಿಬ್ರೆ ಆಫೀಸ್, ಜಿಯೋಜೀಬ್ರಾ, ಸ್ಕ್ರ್ಯಾಚ್ ಮತ್ತು ಪೈಥಾನ್‌ಗಳನ್ನು ಅಳವಡಿಸಿರಬೇಕು. ಕಲಿಕೆಯ ಭಾಷೆಯಲ್ಲಿ ಯುನಿಕೋಡ್ ಟೈಪಿಂಗ್ ಎಲ್ಲ ಯಂತ್ರಗಳಲ್ಲೂ ಸಾಧ್ಯವಾಗಬೇಕು. ಪರವಾನಗಿಯಿಲ್ಲದ ಯಾವುದೇ ತಂತ್ರಾಂಶ ಕಂಡುಬಂದಲ್ಲಿ ಅದನ್ನು ಕರಾರು ಉಲ್ಲಂಘನೆ ಎಂದು ಪರಿಗಣಿಸಲಾಗುವುದು.

7. ಕೆಲಸದ ಅವಧಿ ಮತ್ತು ಶಿಸ್ತು

ಕರಾರಿಗೆ ಸಹಿಯಾದ ದಿನದಿಂದ 14 ವಾರಗಳೊಳಗೆ ಕೆಲಸ ಮುಗಿಯಬೇಕು: ವಿನ್ಯಾಸದ ಅನುಮೋದನೆಗೆ 2, ಕಟ್ಟಡ ಮತ್ತು ವಿದ್ಯುತ್ ಕೆಲಸಕ್ಕೆ 5, ಜಾಲ ಮತ್ತು ಯಂತ್ರಗಳ ಅಳವಡಿಕೆಗೆ 4, ಪರೀಕ್ಷೆ ಮತ್ತು ತರಬೇತಿಗೆ 3 ವಾರ. ಗೋಡೆ ಕೊರೆಯುವ, ಸದ್ದು ಮಾಡುವ ಕೆಲಸವನ್ನು ಶಾಲಾ ವೇಳೆಯ ನಂತರ ಅಥವಾ ರಜಾದಿನಗಳಲ್ಲಿ ಮಾತ್ರ ಮಾಡಬೇಕು. ವಿದ್ಯಾರ್ಥಿಗಳ ಪರೀಕ್ಷೆಗಳು ನಡೆಯುವ ದಿನಗಳಲ್ಲಿ ಯಾವುದೇ ಕೆಲಸವಿಲ್ಲ ಮತ್ತು ಆ ದಿನಗಳನ್ನು ಅವಧಿಗೆ ಸೇರಿಸಿಕೊಡಲಾಗುವುದು. ಧೂಳಿನ ಕೆಲಸ ಪೂರ್ತಿಯಾಗಿ ಮುಗಿದು ಕೊಠಡಿ ಶುಚಿಯಾಗುವವರೆಗೆ ಕಂಪ್ಯೂಟರ್‌ಗಳ ಪೆಟ್ಟಿಗೆಗಳನ್ನು ಒಡೆಯಬಾರದು. ಕೆಲಸಗಾರರು ಗುರುತಿನ ಚೀಟಿ ಧರಿಸಿರಬೇಕು, ಮತ್ತು ಶಾಲೆಯ ಸಿಬ್ಬಂದಿ ಜೊತೆಗಿಲ್ಲದೆ ಮಕ್ಕಳೊಂದಿಗೆ ಒಂಟಿಯಾಗಿ ಇರಕೂಡದು.

8. ಪರೀಕ್ಷೆ ಮತ್ತು ಹಸ್ತಾಂತರ

ಪ್ರತಿ ಜಾಲಬಿಂದುವಿನ ಮಾಪನ ವರದಿಯನ್ನು ಸಲ್ಲಿಸಿದ ನಂತರ ಸ್ವೀಕೃತಿ ಪರೀಕ್ಷೆ ನಡೆಯುವುದು. ಸರ್ವರ್‌ನಲ್ಲಿರುವ ಒಂದೇ ವೀಡಿಯೊವನ್ನು 30 ಯಂತ್ರಗಳಲ್ಲಿ ಏಕಕಾಲಕ್ಕೆ ಓಡಿಸಲಾಗುವುದು. ಆಗ ಮುಖ್ಯ ವಿದ್ಯುತ್ತನ್ನು ಕಡಿತಗೊಳಿಸಿ, ಒಂದು ಯಂತ್ರವೂ ನಿಲ್ಲದೆ 10 ನಿಮಿಷ ನಡೆಯುವುದೇ ಎಂದು ನೋಡಲಾಗುವುದು. ಬಳಿಕ ಒಂದು ಕಂಪ್ಯೂಟರ್‌ನ ಡಿಸ್ಕನ್ನು ಪೂರ್ತಿಯಾಗಿ ಅಳಿಸಲಾಗುವುದು. ನಮ್ಮ ಶಿಕ್ಷಕಿಯೊಬ್ಬರು ಗುತ್ತಿಗೆದಾರರು ಕೊಟ್ಟ ಕೈಪಿಡಿಯನ್ನಷ್ಟೇ ಓದಿಕೊಂಡು, ಯಾರ ನೆರವೂ ಇಲ್ಲದೆ ಅದನ್ನು ಒಂದು ಗಂಟೆಯೊಳಗೆ ಮೊದಲಿನ ಸ್ಥಿತಿಗೆ ತರಲು ಸಾಧ್ಯವಾಗಬೇಕು. ಅದು ಆಗದಿದ್ದರೆ ಕೈಪಿಡಿಯನ್ನು ತಿದ್ದಿ ಮತ್ತೆ ಪರೀಕ್ಷೆಗೆ ಒಡ್ಡಬೇಕು. ಈ ಪರೀಕ್ಷೆಯಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಎಲ್ಲ ಸಾಧನಗಳ ಆಡಳಿತ ಪಾಸ್‌ವರ್ಡ್‌ಗಳು, ಜಾಲದ ವಿಳಾಸಪಟ್ಟಿ, ನಿಜವಾಗಿ ಅಳವಡಿಸಿದಂತೆ ಬರೆದ ವಿದ್ಯುತ್ ಮತ್ತು ಜಾಲದ ನಕ್ಷೆಗಳು, ಖಾತರಿ ಪತ್ರಗಳು ಹಾಗೂ ಕೀಲಿಗಳನ್ನು ಮುಖ್ಯೋಪಾಧ್ಯಾಯರಿಗೆ ಒಪ್ಪಿಸಬೇಕು. ಗುತ್ತಿಗೆದಾರರು ತಮ್ಮ ಬಳಿ ಯಾವುದೇ ದೂರಪ್ರವೇಶದ ಖಾತೆಯನ್ನು ಶಾಲೆಯ ಲಿಖಿತ ಅನುಮತಿಯಿಲ್ಲದೆ ಉಳಿಸಿಕೊಳ್ಳಬಾರದು. ಶಾಲೆ ಆಯ್ಕೆ ಮಾಡಿದ ನಾಲ್ವರು ಶಿಕ್ಷಕರಿಗೆ ಐದು ದಿನಗಳ ಪ್ರಾಯೋಗಿಕ ತರಬೇತಿ ನೀಡಬೇಕು.

9. ಪಾವತಿ, ವಿಳಂಬ ಮತ್ತು ನಿರ್ವಹಣೆ

ಕರಾರಿನ ಮೊತ್ತದ ಶೇಕಡ 10ನ್ನು ವಿನ್ಯಾಸದ ಅನುಮೋದನೆಯ ನಂತರ, ಶೇಕಡ 30ನ್ನು ಸಾಮಗ್ರಿಗಳನ್ನು ಎಣಿಸಿ ಪಡೆದ ನಂತರ, ಶೇಕಡ 30ನ್ನು ಅಳವಡಿಕೆ ಮುಗಿದ ನಂತರ, ಶೇಕಡ 20ನ್ನು ಸ್ವೀಕೃತಿ ಪರೀಕ್ಷೆಯಲ್ಲಿ ತೇರ್ಗಡೆಯಾದ ನಂತರ ಪಾವತಿಸಲಾಗುವುದು. ಉಳಿದ ಶೇಕಡ 10ನ್ನು 12 ತಿಂಗಳ ದೋಷ ನಿವಾರಣಾ ಅವಧಿ ಮುಗಿಯುವವರೆಗೆ ತಡೆಹಿಡಿಯಲಾಗುವುದು. ಗುತ್ತಿಗೆದಾರರಿಂದಾದ ವಿಳಂಬಕ್ಕೆ ವಾರಕ್ಕೆ ಶೇಕಡ 0.5ರಂತೆ, ಗರಿಷ್ಠ ಶೇಕಡ 5ರವರೆಗೆ ಕಡಿತವಿರುತ್ತದೆ. ದೋಷ ನಿವಾರಣಾ ಅವಧಿಯಲ್ಲಿ ಇಡೀ ಪ್ರಯೋಗಾಲಯ ನಿಂತುಹೋದರೆ ಮುಂದಿನ ಶಾಲಾ ದಿನದೊಳಗೆ, ಒಂದು ಯಂತ್ರ ಕೆಟ್ಟರೆ ಐದು ಶಾಲಾ ದಿನಗಳೊಳಗೆ ಸರಿಪಡಿಸಬೇಕು.

10. ಅರ್ಹತೆ ಮತ್ತು ಪ್ರಸ್ತಾವನೆ

ಕಳೆದ 5 ವರ್ಷಗಳಲ್ಲಿ 20ಕ್ಕಿಂತ ಹೆಚ್ಚು ಕಂಪ್ಯೂಟರ್‌ಗಳ ಕನಿಷ್ಠ ಮೂರು ಪ್ರಯೋಗಾಲಯಗಳನ್ನು ನಿರ್ಮಿಸಿದ ಅನುಭವ ಮತ್ತು ಪರವಾನಗಿ ಪಡೆದ ವಿದ್ಯುತ್ ತಂತ್ರಜ್ಞರ ನೇತೃತ್ವ ಅಗತ್ಯ. ಆ ಮೂರರಲ್ಲಿ ಒಂದು ಪ್ರಯೋಗಾಲಯವಾದರೂ ಎರಡು ವರ್ಷಕ್ಕಿಂತ ಹಳೆಯದಾಗಿರಬೇಕು. ನಮ್ಮ ಸಮಿತಿಯು ಅಲ್ಲಿಗೆ ಭೇಟಿ ಕೊಟ್ಟು, ಎಷ್ಟು ಯಂತ್ರಗಳು ಇನ್ನೂ ನಡೆಯುತ್ತಿವೆ ಎಂಬುದನ್ನು ನೋಡುತ್ತದೆ. ತಾಂತ್ರಿಕ ಪ್ರಸ್ತಾವನೆಗೆ 70, ದರಕ್ಕೆ 30 ಅಂಕಗಳಿದ್ದು, ತಾಂತ್ರಿಕವಾಗಿ 50 ಅಂಕ ಪಡೆಯದವರ ದರದ ಲಕೋಟೆಯನ್ನು ತೆರೆಯದೆ ಹಿಂದಿರುಗಿಸಲಾಗುವುದು. ಅತಿ ಕಡಿಮೆ ದರ ಹೇಳಿದವರಿಗೇ ಕೆಲಸ ಕೊಡಬೇಕೆಂಬ ಕಟ್ಟುಪಾಡು ಶಾಲೆಗಿಲ್ಲ.

ಪ್ರಸ್ತಾವನೆ ಸಲ್ಲಿಸುವ ಮೊದಲು ಪ್ರತಿಯೊಬ್ಬರೂ ಕೊಠಡಿಯನ್ನು ಖುದ್ದಾಗಿ ನೋಡಿರಬೇಕು. ತಾಂತ್ರಿಕ ಮತ್ತು ದರದ ಪ್ರಸ್ತಾವನೆಗಳನ್ನು ಪ್ರತ್ಯೇಕ ಮೊಹರಾದ ಲಕೋಟೆಗಳಲ್ಲಿ, ಈ ಪ್ರಕಟಣೆ ಹೊರಬಿದ್ದ 21 ದಿನಗಳೊಳಗೆ ಮುಖ್ಯೋಪಾಧ್ಯಾಯರ ಕಚೇರಿಗೆ ತಲುಪಿಸಬೇಕು. ಒಬ್ಬರು ಕೇಳಿದ ಪ್ರಶ್ನೆಗೆ ಕೊಟ್ಟ ಲಿಖಿತ ಉತ್ತರವನ್ನು ಕೊಠಡಿ ನೋಡಿ ಹೋದ ಎಲ್ಲರಿಗೂ ಕಳುಹಿಸಲಾಗುವುದು. ತಡವಾಗಿ ಬಂದ ಲಕೋಟೆಗಳನ್ನು ಸ್ವೀಕರಿಸಲಾಗುವುದಿಲ್ಲ.