ಸೊನ್ನೆ ಬಿಟ್ಟ ಜಾಗ

"ಮೇಡಂ, ಮೂವತ್ತು ಸೆಕೆಂಡ್ ಆಗೋದ್ರೊಳಗೆ ನೂರಕ್ಕೆ ಅರವತ್ತು ಜನ ಎದ್ದು ಹೋಗಿದಾರೆ."

ಮೇಡಂ ಯೂಟ್ಯೂಬ್‌ಗೆ ಹಾಕಿದ್ದ ಪಾಠದ ಲೆಕ್ಕವನ್ನು ಮಂಜ ಫೋನ್ ತಿರುಗಿಸಿ ತೋರಿಸಿದ. ಗಿರಿಜಾ ಮೇಡಂ ಕನ್ನಡಕ ಸರಿ ಮಾಡಿಕೊಂಡು ನೋಡಿದರು. ಎಡಗಡೆ ಎತ್ತರದಲ್ಲಿದ್ದ ಗೆರೆ ಧೊಪ್ಪನೆ ಕೆಳಗೆ ಬಿದ್ದು, ಆಮೇಲೆ ನೆಲ ಹಿಡಿದು ತೆವಳಿತ್ತು.

"ಯಾಕೋ ಹೋದ್ರು? ನಾನಿನ್ನೂ ಪಾಠ ಶುರುನೇ ಮಾಡಿಲ್ಲ ಅಲ್ಲಿ."

"ಅದಕ್ಕೇ ಹೋದ್ರು."

ಮೊದಲು ಸರಸ್ವತಿ ಶ್ಲೋಕ. ಆಮೇಲೆ "ಆತ್ಮೀಯ ವಿದ್ಯಾರ್ಥಿಗಳೇ". ಆಮೇಲೆ ತಮ್ಮ ಹೆಸರು, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಊರು, ಹಿರಿಯೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ. ಭಾಗಾಕಾರ ಬರುವ ಹೊತ್ತಿಗೆ ಒಂದೂಕಾಲು ನಿಮಿಷ. ತರಗತಿಯಲ್ಲಿ ಹೀಗೆ ಶುರು ಮಾಡಿದರೆ ಯಾರೂ ಎದ್ದು ಹೋಗುವುದಿಲ್ಲ. ಹೋಗೋಕೆ ಬಿಡಲ್ಲ, ಅದು ಬೇರೆ ಮಾತು.

ಮಂಜ ಅವರದೇ ಹಳೇ ವಿದ್ಯಾರ್ಥಿ. ಈಗ ಐಮಂಗಲದ ಕಡೆ ಮದುವೆ ವಿಡಿಯೋ ತೆಗೆಯುತ್ತಾನೆ. ಏಳನೇ ಕ್ಲಾಸಿನಲ್ಲಿ ಮಗ್ಗಿ ಒಪ್ಪಿಸದೆ ಬೆಂಚಿನ ಮೇಲೆ ನಿಂತವನು ಇವತ್ತು ಮೇಡಂಗೆ ಶೇಕಡಾ ಲೆಕ್ಕ ಹೇಳಿಕೊಡುತ್ತಿದ್ದ. ಅವನಿಗೆ ಅದರಲ್ಲಿ ಸ್ವಲ್ಪ ಖುಷಿಯೂ ಇತ್ತು ಅನ್ನಿ.

ಅಲ್ಲಿಯವರೆಗೆ ಮೇಡಂಗೆ ಗೊತ್ತಿದ್ದದ್ದು ವ್ಯೂಸ್ ಒಂದೇ. ಬೆಳಿಗ್ಗೆ ಎದ್ದು ಹಾಲು ಕಾಯಿಸುವ ಮುಂಚೆ ಆ ಸಂಖ್ಯೆ ನೋಡುತ್ತಿದ್ದರು. ಇನ್ನೂರು ದಾಟಿದರೆ ಆ ದಿನ ಚಹಾಕ್ಕೆ ಸಕ್ಕರೆ ಜಾಸ್ತಿ. ಈಗ ಮಂಜ ಆ ಇನ್ನೂರನ್ನೂ ಬಿಡಿಸಿ ತೋರಿಸಿದ. ಮುಕ್ಕಾಲು ಪಾಲು ವಾಟ್ಸಾಪ್‌ನಿಂದ ಬಂದವರು. ಅಂದರೆ ಯಜಮಾನರು ಲಿಂಕ್ ಹಾಕಿದ ಬೀಗರ ಗ್ರೂಪು, ಸಂಘದ ಗ್ರೂಪು, ನಿವೃತ್ತ ನೌಕರರ ಗ್ರೂಪು. ಸರಾಸರಿ ನೋಡಿದ್ದು ಹದಿನೆಂಟು ಸೆಕೆಂಡ್.

"ಹೆಬ್ಬೆರಳು ಒತ್ತಿ, ಕೈ ಮುಗಿದು ಹೋಗಿದಾರೆ" ಎಂದ ಮಂಜ. "ಇಲ್ನೋಡಿ, ಯೂಟ್ಯೂಬ್‌ನಲ್ಲೇ ಹುಡುಕಿಕೊಂಡು ಬಂದೋರು ಹನ್ನೊಂದೇ ಜನ. ಆದ್ರೆ ನಾಲ್ಕು ನಿಮಿಷ ಕೂತಿದಾರೆ."

ಆ ಹನ್ನೊಂದು ಜನ ಯಾರಿರಬಹುದು ಎಂದು ಮೇಡಂ ರಾತ್ರಿ ತುಂಬಾ ಹೊತ್ತು ಯೋಚಿಸಿದರು. ಮುಂದಿನ ವಿಡಿಯೋದಲ್ಲಿ ಶ್ಲೋಕ ಬಿಟ್ಟರು. ಅದನ್ನು ಮನೆಯಲ್ಲೇ ಹೇಳಿಕೊಂಡು ಕ್ಯಾಮೆರಾ ಮುಂದೆ ಕೂತರು.

ಅಷ್ಟರಲ್ಲಿ 2022ರ ಸೆಪ್ಟೆಂಬರ್ ಬಂತು. ವಾಣಿ ವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, ಕೋಡಿ ಬಿತ್ತು. ಅಲ್ಲಿಯವರೆಗೆ 1933 ಬಿಟ್ಟರೆ ಆ ಕಟ್ಟೆ ತುಂಬಿ ಹರಿದದ್ದೇ ಇರಲಿಲ್ಲ. ಮಾರಿಕಣಿವೆ ಅಂದರೆ ತಳ ಕಂಡ ನೀರು ಎಂದೇ ತಿಳಿದಿದ್ದ ಹಿರಿಯೂರು ಸೀಮೆಯ ಜನ ಬೈಕು, ಟ್ರಾಕ್ಟರು, ಸಿಕ್ಕಿದ್ದು ಹತ್ತಿ ಹೊರಟರು. ಮುದುಕಿಯರು ನೀರಿಗೆ ಅರಿಶಿನ ಕುಂಕುಮ ಹಾಕಿ ಅತ್ತರು. ಮೇಡಂ ಸಹ ಹೋಗಿ, ಸುಮ್ನೆ ಮೂರು ನಿಮಿಷ ಚಿತ್ರೀಕರಿಸಿ ತಮ್ಮ ಚಾನೆಲ್‌ಗೆ ಹಾಕಿದರು.

ಮರುದಿನ ಬೆಳಿಗ್ಗೆ ಹಾಲು ಉಕ್ಕಿ ಒಲೆ ಮೇಲೆ ಚೆಲ್ಲಿತು. ವ್ಯೂಸ್ ನಲವತ್ತು ಸಾವಿರ. ಇನ್ನೂರ ಚಿಲ್ಲರೆ ಇದ್ದ ಸಬ್‌ಸ್ಕ್ರೈಬರ್‌ಗಳು ಎರಡು ಸಾವಿರ ಮುಟ್ಟಿದ್ದರು. ಯಜಮಾನರು ಪೇಡ ತಂದರು. ಹೆಡ್ಮಾಸ್ಟರು ಮಾತ್ರ ಪೇಡ ತಿಂದು, "ದುಡ್ಡು ಗಿಡ್ಡು ಬರೋದಾದ್ರೆ ಇಲಾಖೆ ಅನುಮತಿ ತಗೊಳ್ಳಿ ಮೇಡಂ" ಎಂದರು.

ಆ ವಾರ 612 ಭಾಗಿಸು 6 ಎಂಬ ಪಾಠ ಹಾಕಿದರು. ಎರಡು ಸಾವಿರ ಜನ ಇದ್ದಾರಲ್ಲ, ಸೀರೆಯನ್ನೂ ಒಳ್ಳೆಯದೇ ಉಟ್ಟಿದ್ದರು.

ಎರಡು ದಿನ ಬಿಟ್ಟು ಮಂಜ ಬಂದು ಇನ್ನೊಂದು ಸಂಖ್ಯೆ ತೋರಿಸಿದ. ಪಾಠದ ಚಿತ್ರ ಎಷ್ಟು ಸಲ ಜನರ ಕಣ್ಣ ಮುಂದೆ ಬಂತು, ಅದರಲ್ಲಿ ಎಷ್ಟು ಸಲ ಒತ್ತಿದರು ಎಂಬ ಲೆಕ್ಕ. ನೂರಕ್ಕೆ ಒಂದು.

"ಎರಡರಿಂದ ಹತ್ತರ ಒಳಗೆ ಇದ್ರೆ ಮಾಮೂಲಿ ಅಂತಾರೆ. ಇದು ಕಮ್ಮಿ ಆಯ್ತು."

"ಇಷ್ಟು ಜನ ಇಟ್ಕೊಂಡು?"

"ಅವ್ರು ನೀರು ನೋಡೋಕೆ ಬಂದೋರು ಮೇಡಂ. ನೀವು ಭಾಗಾಕಾರ ತೋರಿಸ್ತಿದೀರಿ." ಅವನಿಗೆ ಬೇರೆ ಆಸೆಯಿತ್ತು. "ಒಂದ್ ಕೆಲ್ಸ ಮಾಡಣ. ಮುಂದಿನ ವಾರ ದುರ್ಗದ ಕೋಟೆ, ಆಮೇಲೆ ಚಂದ್ರವಳ್ಳಿ. ನನ್ ಡ್ರೋನ್ ಹೆಂಗೂ ಖಾಲಿ ಇದೆ."

ಮೇಡಂಗೂ ಆಸೆ ಆಗಲಿಲ್ಲ ಅಂತಲ್ಲ. ನಲವತ್ತು ಸಾವಿರದ ರುಚಿ ಹಾಗೇ ಇರುತ್ತದೆ. ಆದರೆ ಅವರ ಕಣ್ಣು ಆ ಪಾಠದ ಗೆರೆಯ ಮೇಲಿತ್ತು. ಇಳಿಯುತ್ತಾ ಇಳಿಯುತ್ತಾ ಹೋಗಿದ್ದ ಗೆರೆ ನಾಲ್ಕನೇ ನಿಮಿಷದಲ್ಲಿ ಇದ್ದಕ್ಕಿದ್ದಂತೆ ಮೇಲೆದ್ದಿತ್ತು.

"ಇದೇನೋ ಗುಬುಟು?"

"ಅಲ್ಲಿಗೆ ಹಿಂದೆ ಹೋಗಿ ಮತ್ತೆ ಮತ್ತೆ ನೋಡಿದಾರೆ. ಏನೋ ಕಾಮಿಡಿ ಆಗಿರ್ಬೇಕು. ಸೀಮೆಸುಣ್ಣ ಬಿತ್ತಾ?"

ಅಲ್ಲಿಗೇ ಹೋಗಿ ನೋಡಿದರು. ಕಾಮಿಡಿ ಇರಲಿಲ್ಲ. ಆರೊಂದ್ಲ ಆರು ಆಗಿದೆ. ಒಂದನ್ನು ಕೆಳಗೆ ಇಳಿಸಿಕೊಂಡಿದ್ದಾರೆ. ಒಂದರಲ್ಲಿ ಆರು ಹೋಗಲ್ಲ. "ಹೋಗಲ್ಲ, ಆದ್ದರಿಂದ ಮೇಲೆ ಸೊನ್ನೆ" ಎಂದು ಒಂದೇ ಉಸಿರಿಗೆ ಹೇಳಿ, ಎರಡನ್ನೂ ಇಳಿಸಿ ಮುಗಿಸಿಬಿಟ್ಟಿದ್ದಾರೆ. ಉತ್ತರ 102.

ಮೇಜಿನ ಮೇಲೆ ಐದನೇ ಕ್ಲಾಸಿನ ನೋಟ್‌ಬುಕ್‌ಗಳಿದ್ದವು. ಮೇಲಿನದನ್ನು ತೆಗೆದರು. 12. ಅದರ ಕೆಳಗಿನದು, 12. ವರ್ಷಾನುಗಟ್ಟಲೆ ಕೆಂಪು ಶಾಯಿಯಲ್ಲಿ ತಪ್ಪು ಹಾಕುತ್ತಾ ಬಂದ ಜಾಗ ಅದು.

ಕೋಟೆಗೆ ಹೋಗಲಿಲ್ಲ. ಆ ಸೊನ್ನೆಗೇ ಮೂರು ನಿಮಿಷದ ವಿಡಿಯೋ ಮಾಡಿದರು. ಆರು ಮಕ್ಕಳಿಗೆ ಹಂಚಲು ಹತ್ತರ ನೋಟು ಒಂದೇ ಇದೆ. ಯಾರಿಗೂ ಇಡೀ ನೋಟು ಸಿಗಲ್ಲ. ಸಿಗಲಿಲ್ಲ ಅಂತ ಮೊದಲು ಬರೆದಿಟ್ಟು, ಆಮೇಲೆ ಚಿಲ್ಲರೆ ಮಾಡಿಸು. ಅಷ್ಟೇ. ವ್ಯೂಸ್ ಮುನ್ನೂರು. ಆದರೆ ಬಂದವರು ಮುಕ್ಕಾಲು ಭಾಗ ನೋಡಿಯೇ ಹೋಗಿದ್ದರು. ಅವರಲ್ಲಿ ಹುಡುಕಿಕೊಂಡು ಬಂದವರೇ ಹೆಚ್ಚು.

ಈಗ ಮೇಡಂ ತಾವೇ ಒಂದೊಂದು ಪುಟ ತೆಗೆದು ನೋಡುತ್ತಿದ್ದರು. ನೋಡುವವರು ಯಾವ ಹೊತ್ತಿಗೆ ಬರುತ್ತಾರೆ ಎಂದು ತೋರಿಸುವ ನೇರಳೆ ಬಣ್ಣದ ಪಟ್ಟಿಗಳು ರಾತ್ರಿ ಒಂಬತ್ತರ ಮೇಲೆ ಗಾಢವಾಗುತ್ತಿದ್ದವು. ವಯಸ್ಸು 25ರಿಂದ 44. ಹೆಂಗಸರೇ ಜಾಸ್ತಿ. ಮಕ್ಕಳಿಗೆ ಅಮ್ಮಂದಿರ ಫೋನ್ ಸಿಗುತ್ತದೆ, ಅದಕ್ಕೇ ಹೀಗೆ ಎಂದುಕೊಂಡರು. ಆದರೆ ಒಂಬತ್ತೂವರೆಗೆ ಯಾವ ಮಗು ಭಾಗಾಕಾರ ಮಾಡುತ್ತದೆ?

ಸಮವಸ್ತ್ರದ ಬಟ್ಟೆ ತೆಗೆದುಕೊಳ್ಳಲು ಶಾಲೆಗೆ ಬಂದ ಲಕ್ಷ್ಮಕ್ಕನನ್ನು ಕೇಳಿದರು. "ನಿಮ್ಮ ಹುಡುಗ ನನ್ ಪಾಠ ಫೋನಲ್ಲಿ ನೋಡ್ತಾನಾ?"

"ಅವ್ನೆಲ್ಲಿ ನೋಡ್ತಾನೆ ಮೇಡಂ, ಆಟ ಆಡ್ತಾನೆ. ನಾನೇ ನೋಡೋದು." ಆಕೆ ಸೆರಗು ಬಾಯಿಗಿಟ್ಟು ನಕ್ಕಳು. "ನಮ್ ಸಂಘದ ಪುಸ್ತಕ ಈ ವರ್ಷ ನನ್ ಕೈಗೆ ಕೊಟ್ಟವ್ರೆ. ಬಡ್ಡಿ ಲಾಭ 1,236 ಬಂದಿತ್ತು. ಹನ್ನೆರಡು ಜನಕ್ಕೆ ಹಂಚಿದ್ರೆ ತಲೆಗೆ ಹದಿಮೂರು ಅಂದೆ. ಉಳಿದಿದ್ದು ನೀನೇ ನುಂಗಿದೀಯ ಅಂತ ಆಡ್ಕೊಂಡ್ರು. ನಿಮ್ ಸೊನ್ನೆ ನೋಡಿದ್ಮೇಲೆ ನೂರಾ ಮೂರು ಬಂತು. ಈಗ ಪಕ್ಕದ ಬೀದಿ ಸಂಘದೋಳೂ ನೋಡ್ತಾಳೆ."

"ಆ ಪುಸ್ತಕ ನಾಳೆ ತರ್ತೀರಾ?"

"ಯಾಕೆ, ತಪ್ಪಿದೆಯಾ?"

"ಇಲ್ಲ. ಪಾಠ ಮಾಡ್ಬೇಕು."

ಶನಿವಾರ ಮಂಜ ಕ್ಯಾಮೆರಾ ಇಟ್ಟ. ಮೇಡಂ ನಮಸ್ಕಾರವನ್ನೂ ಹೇಳಲಿಲ್ಲ. "ಹನ್ನೆರಡು ಜನ, 1,236 ರೂಪಾಯಿ. ತಲೆಗೆಷ್ಟು?" ಎಂದೇ ಶುರು ಮಾಡಿದರು. ಮುಗಿದ ಮೇಲೆ ಶೀರ್ಷಿಕೆಗೆ ಜಗಳ ಆಯಿತು. 'ಸಂಘದ ದುಡ್ಡು ಮಾಯ! ಬೆಚ್ಚಿಬಿದ್ದ ಮಹಿಳೆಯರು' ಎಂದು ಹಾಕೋಣ ಎಂದ ಅವನು.

"ಬೆಚ್ಚಿಬಿದ್ದು ಬಂದೋರು ಎಷ್ಟು ಸೆಕೆಂಡ್ ಇರ್ತಾರೆ, ನೀನೇ ಹೇಳು?"

ಮಂಜ ತಲೆ ಕೆರೆದುಕೊಂಡ. ಮೇಡಂ ಫೋನ್ ಕಿತ್ತುಕೊಂಡು ಒಂದೊಂದೇ ಅಕ್ಷರ ಒತ್ತಿದರು. 'ಸಂಘದ ಲಾಭ ಹಂಚುವ ಲೆಕ್ಕ, ಸೊನ್ನೆ ಬಿಡದೆ'.

"ಎಂಟೂವರೆಗೆ ಹಾಕು. ಒಂಬತ್ತಕ್ಕೆ ಅವ್ರ ಊಟ ಮುಗಿಯುತ್ತೆ."